ಪ್ರಶ್ನೆ ಕೇಳಿ, ಉತ್ತರ ಮುಟ್ಟದೆ ಕೂತುಬಿಡಿ

ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ ಅಂತ ಕಾರ್ಯಕ್ರಮ ನಿರೂಪಣೆ ಮಾಡಿಕೊಂಡು ಓಡಾಡುವವನು ನಾನು. ಭಾಷಣಕಾರರ ಪರಿಚಯವನ್ನು ಸಭಿಕರಿಗೆ ಒಂದು ಪ್ರಶ್ನೆ ಹಾಕಿ ಮುಗಿಸಿ, ಭಾಷಣವೇ ಅದರ ಉತ್ತರವಾಗಿ ಶುರುವಾಗಲಿ ಎಂದು ಸಂಘಟಕರಿಗೆ ಹೇಳಿ ಹೇಳಿ ಸಾಕಾಗಿದೆ. ಎಲ್ಲರೂ ತಲೆಯಾಡಿಸುತ್ತಾರೆ. ಆಮೇಲೆ ಭಾಷಣದ ಶೀರ್ಷಿಕೆಗೇ ಒಂದು ಪ್ರಶ್ನಾರ್ಥಕ ಚಿಹ್ನೆ ಅಂಟಿಸಿಕೊಂಡು ಬರುತ್ತಾರೆ.

ಸೋಮವಾರಪೇಟೆ ಕಡೆ ಕಾಫಿ ಬೆಳೆಗಾರರ ಒಂದು ಸಭೆ. ವಿಷಯ ಕಾಫಿ ಗಿಡದ ಕಾಂಡ ಹಾಳುಮಾಡುವ ದುಂಬಿ, ಬಿಳಿ ಕಾಂಡಕೊರಕ. ಮಾತಾಡುವವರು ಕೀಟಶಾಸ್ತ್ರಜ್ಞೆ. ಕಾರ್ಯದರ್ಶಿಗಳು ಮೊದಲು ಬರೆದು ತಂದ ಪ್ರಶ್ನೆ: ‘ಕಾಂಡಕೊರಕದ ಹತೋಟಿ ಹೇಗೆ?’ ಇದಕ್ಕೆ ಉತ್ತರವೆಂದರೆ ಇಡೀ ಒಂದು ಗಂಟೆಯ ಭಾಷಣ. ಮೊದಲ ವಾಕ್ಯ ಎಲ್ಲಿಂದಲಾದರೂ ಶುರುವಾಗಬಹುದು, ಹಾಗಾಗಿ ಪ್ರಶ್ನೆ ಗಾಳಿಯಲ್ಲೇ ಉಳಿಯುತ್ತದೆ.

“ಮೇಡಂಗೆ ಫೋನ್ ಮಾಡಿದ್ರಾ?” ಎಂದೆ.

“ಬಯೋಡಾಟಾ ಕಳಿಸಿದ್ದಾರಲ್ಲ ಸಾರ್, ಮೂರು ಪುಟ ಇದೆ.”

ಎಡವುವುದು ಇಲ್ಲೇ. ಪ್ರಶ್ನೆ ಹುಟ್ಟಬೇಕಾದದ್ದು ಬಯೋಡಾಟಾದಿಂದಲೂ ಅಲ್ಲ, ಶೀರ್ಷಿಕೆಯಿಂದಲೂ ಅಲ್ಲ, ಭಾಷಣಕಾರರು ಆಡುವ ಮೊದಲ ಮಾತಿನಿಂದ. ಎರಡು ದಿನ ಮೊದಲೇ ಫೋನ್ ಮಾಡಿ, “ಮೊದಲು ಏನು ಹೇಳ್ತೀರಿ?” ಎಂದು ಕೇಳಬೇಕು. ನಾನು ಕೇಳಿದೆ. “ಆ ದುಂಬಿಗೆ ಬಿಸಿಲು ಬೇಕು. ಬಿಸಿಲು ಬಿದ್ದ ಕಾಂಡ ಹುಡುಕಿ ತೊಗಟೆಯ ಬಿರುಕಲ್ಲಿ ಮೊಟ್ಟೆ ಇಡುತ್ತೆ. ಅದು ಅರ್ಥವಾದರೆ ನೆರಳು ಯಾಕೆ, ತೊಗಟೆ ಉಜ್ಜೋದು ಯಾಕೆ, ಎಲ್ಲ ತಾನಾಗೇ ಬರುತ್ತೆ” ಅಂದರು.

ಉತ್ತರ ಸಿಕ್ಕಿತು. ಇನ್ನು ಅದನ್ನು ತಿರುಗಿಸಿ ಪ್ರಶ್ನೆ ಮಾಡಬೇಕು. ಕಾರ್ಯದರ್ಶಿಗಳು ಉತ್ಸಾಹದಿಂದ, “ಈ ದುಂಬಿಗೆ ಬಿಸಿಲು ಇಷ್ಟ ಅಂತ ನಿಮಗೆ ಗೊತ್ತಾ?” ಎಂದು ಬರೆದರು. ಗೊತ್ತಾ ಎಂದು ಕೇಳುತ್ತಲೇ ಗುಟ್ಟು ಬಿಟ್ಟುಕೊಟ್ಟ ಹಾಗಾಯಿತು. ಪಾಪ, ಮೇಡಂಗೆ ಹೇಳಲು ಉಳಿದದ್ದೇನು? ಪ್ರಶ್ನೆಯಲ್ಲಿ ಇರಬೇಕಾದದ್ದು ಸಭಿಕರು ಕಣ್ಣಾರೆ ಕಂಡದ್ದು. ಅದರ ಕಾರಣ ಮಾತ್ರ ಇರಬಾರದು. ಕೊನೆಗೆ ನಾವು ಕೇಳಿದ್ದು ಹೀಗೆ:

“ಒಂದೇ ವರ್ಷ ನೆಟ್ಟ, ಒಂದೇ ಗೊಬ್ಬರ ಹಾಕಿದ ಅರೇಬಿಕಾ ಗಿಡಗಳು. ಸಿಲ್ವರ್ ಓಕ್ ಕಡಿಸಿದ ಕಡೆ ಎಲೆ ಹಳದಿಯಾಗಿ ಗಿಡ ಬಾಡುತ್ತೆ, ಕಾಂಡದ ಮೇಲೆ ಉಬ್ಬುಗೆರೆ ಕಾಣುತ್ತೆ. ನಾಲ್ಕು ಮಾರು ಆಚೆ, ಹಲಸಿನ ನೆರಳಿನ ಗಿಡ ಚೆನ್ನಾಗೇ ಇರುತ್ತೆ. ಕೊರಕ ಆ ಗಿಡವನ್ನೇ ಯಾಕೆ ಆರಿಸಿಕೊಂಡಿತು?”

ಇಷ್ಟು ಹೇಳಿ ಸುಮ್ಮನಾಗಬೇಕು. ಮನಸ್ಸಿನಲ್ಲಿ ಮೂರು ಎಣಿಸಿದರೆ ಸಾಕು. ಈ ಮೌನ ನಿರೂಪಕರಿಗೆ ಭಯಂಕರ ಕಷ್ಟ. ನನಗೂ ಇನ್ನೂ ಕಷ್ಟವೇ. ‘ಯಾರಾದರೂ ಕೈ ಎತ್ತಿ’ ಎಂದಿರೋ, ಕೆಟ್ಟಿರಿ. ಒಮ್ಮೆ ನಾನು ಹಾಗೆ ಹೇಳಿದ್ದಕ್ಕೆ, ಮುಂದಿನ ಸಾಲಿನ ಹಿರಿಯರೊಬ್ಬರು ಎದ್ದು ತಮ್ಮ ತಂದೆಯ ಕಾಲದ ತೋಟದಿಂದ ಶುರು ಮಾಡಿದ್ದರು. ತಡೆಯುವ ಧೈರ್ಯ ಯಾರಿಗಿದೆ? ಒಳ್ಳೆಯ ಕತೆಯೇ, ಆದರೆ ಅವತ್ತಿನ ಭಾಷಣಕಾರರು ಕೈಗಡಿಯಾರ ನೋಡಿಕೊಳ್ಳುತ್ತಿದ್ದರು.

ಮೌನದ ನಂತರ ಅರ್ಹತೆ ಒಂದೇ ಸಾಲು, ಅದೂ ಆ ಪ್ರಶ್ನೆಗೆ ಸಂಬಂಧಪಟ್ಟದ್ದು: “ಈ ದುಂಬಿಯ ಬೆನ್ನು ಹತ್ತಿ ತೋಟ ತೋಟ ಅಲೆದವರು ಇವತ್ತು ನಮ್ಮ ಜೊತೆ ಇದ್ದಾರೆ.” ಕೊನೆಗೆ ಹೆಸರು. ಹೆಸರಾದ ಮೇಲೆ ಒಂದು ಮಾತೂ ಬೇಡ.

ನಮ್ಮ ಸಭೆಗಳಲ್ಲಿ ಇನ್ನೊಂದು ಗಂಡಾಂತರವಿದೆ, ಶಾಲು. ಪ್ರಶ್ನೆ ಕೇಳಿದ ಮೇಲೆ ಶಾಲು, ಹಾರ, ಹಣ್ಣಿನ ಬುಟ್ಟಿ, ‘ಸಾರ್ ಸ್ವಲ್ಪ ಈ ಕಡೆ ನೋಡಿ’ ಎನ್ನುವ ಫೋಟೋದವರು ಬಂದರೆ ಪ್ರಶ್ನೆ ಸತ್ತುಹೋಗುತ್ತದೆ. ಗೌರವವೆಲ್ಲ ಪರಿಚಯಕ್ಕೆ ಮೊದಲೇ ಮುಗಿಯಲಿ. ‘ವೇದಿಕೆಯ ಮೇಲಿರುವ ಗಣ್ಯರೇ’ ಎಂಬುದನ್ನೂ ಉತ್ತರದ ನಂತರ ಹೇಳಿಕೊಳ್ಳಿ ಎಂದು ಭಾಷಣಕಾರರಿಗೆ ಮೊದಲೇ ತಿಳಿಸಿ, ಪ್ರಶ್ನೆಯನ್ನೂ ಓದಿ ಹೇಳಿ. ಹಿರಿಯ ಸ್ವಾಮೀಜಿಗಳಿಗೆ, ಮಂತ್ರಿಗಳಿಗೆ ಇದನ್ನು ಹೇಳಲಾಗದು. ಅಂಥ ಕಡೆ ಈ ವಿಧಾನವನ್ನೇ ನಾನು ಬಿಡುತ್ತೇನೆ. ಶ್ರದ್ಧಾಂಜಲಿ ಸಭೆಯಲ್ಲೂ ಬೇಡ. ನಾಲ್ಕು ಜನ ಒಬ್ಬರಾದ ಮೇಲೊಬ್ಬರು ಮಾತಾಡುವಲ್ಲಿ ಮೊದಲನೆಯವರಿಗೆ ಮಾತ್ರ ಒಗ್ಗಬಹುದು. ನಾಲ್ಕು ಸಲ ಕೇಳಿದರೆ ಜನಕ್ಕೆ ಪರೀಕ್ಷೆ ಬರೆದ ಹಾಗಾಗುತ್ತದೆ.

ಅವತ್ತು ಮೇಡಂ ಮೈಕ್ ಹಿಡಿದು ಆಡಿದ ಮೊದಲ ಮಾತು ಒಂದೇ ಪದ: “ಬಿಸಿಲಿಗೆ.” ಹಿಂದಿನ ಸಾಲಿನಲ್ಲಿ ಯಾರೋ, “ನಾನು ಹೇಳ್ಲಿಲ್ವಾ?” ಎಂದು ಪಕ್ಕದವರಿಗೆ ಮೊಣಕೈಯಿಂದ ತಿವಿದರು. ಏಪ್ರಿಲ್-ಮೇ, ಆಮೇಲೆ ಅಕ್ಟೋಬರ್‌ನಿಂದ ಡಿಸೆಂಬರ್, ಈ ದುಂಬಿ ಹಾರುವ ಎರಡು ಕಾಲ ಎಂದು ಅವರು ಹೇಳುವಾಗ ಬರೆದುಕೊಳ್ಳದ ಕೈ ನನಗೆ ಕಂಡದ್ದು ಕಾರ್ಯದರ್ಶಿಗಳದ್ದು ಮಾತ್ರ. ಅದರಲ್ಲಿ ಮಡಿಸಿದ ಮೂರು ಪುಟ ಇತ್ತು.

“ಸಾರ್, ಇದನ್ನ ವಂದನಾರ್ಪಣೆಯಲ್ಲಾದರೂ ಓದಲಾ?”

ಓದಿ ಎಂದೆ. ಓದಿದರು.