ಎದೆನೋವಿನ ಟಿಪ್ಪಣಿಯಿಂದ ಮೈಂಡ್ ಮ್ಯಾಪ್: ರೋಗದ ಹೆಸರಿಗಿಂತ ಗೆರೆಯ ಮೇಲಿನ ಪ್ರಶ್ನೆ

ಎದೆನೋವಿನ ಕಾರಣಗಳ ಉಪನ್ಯಾಸ ಮುಗಿದ ಮರುವಾರ ವಿದ್ಯಾರ್ಥಿಗಳು ತಂದು ತೋರಿಸುವ ಮೈಂಡ್ ಮ್ಯಾಪುಗಳಲ್ಲಿ ಹೆಚ್ಚಿನವು ಒಂದೇ ಅಚ್ಚಿನವು. ಹಾಳೆಯ ನಡುವೆ ‘ಎದೆನೋವು’ ಎಂಬ ವೃತ್ತ. ಅದರಿಂದ ಹೃದಯ, ಶ್ವಾಸಕೋಶ, ಜೀರ್ಣಾಂಗ, ಎದೆಗೂಡು, ಮನಸ್ಸು ಎಂಬ ಐದು ಕೊಂಬೆಗಳು. ಪ್ರತಿ ಕೊಂಬೆಯ ತುದಿಯಲ್ಲಿ ನಾಲ್ಕಾರು ರೋಗಗಳ ಹೆಸರು. ಯಾವ ರೋಗವೂ ಬಿಟ್ಟುಹೋಗಿರುವುದಿಲ್ಲ, ಬಣ್ಣಗಳೂ ಒಪ್ಪವಾಗಿರುತ್ತವೆ. ಆದರೂ ಅದು ಟಿಪ್ಪಣಿಯ ಪರಿವಿಡಿಯನ್ನು ದುಂಡಗೆ ಬರೆದದ್ದಷ್ಟೇ. ಅಂಗಾಂಗಗಳ ಕ್ರಮದಲ್ಲಿ ಹೇಳುವುದು ಪಾಠ ಮಾಡುವವರಿಗೆ ಅನುಕೂಲ. ಆದರೆ ತನ್ನ ನೋವು ಯಾವ ಅಂಗದ್ದೆಂದು ತಿಳಿದು ಯಾವ ರೋಗಿಯೂ ಬರುವುದಿಲ್ಲ. ಅವರು ‘ಎದೆ ಹಿಡಿದ ಹಾಗೆ ಆಗ್ತಿದೆ’ ಎನ್ನುತ್ತಾರೆ, ‘ಗ್ಯಾಸ್ಟ್ರಿಕ್ ಆಗಿದೆ, ಒಂದು ಇಂಜೆಕ್ಷನ್ ಕೊಡಿ’ ಎನ್ನುತ್ತಾರೆ. ಆ ಮಾತಿನಿಂದ ಹೊರಟು ರೋಗದ ಹೆಸರನ್ನು ತಲುಪುವ ದಾರಿಯನ್ನು ತೋರಿಸಿದಾಗ ಮಾತ್ರ ಆ ಚಿತ್ರ ವಿಭೇದಕ ರೋಗನಿರ್ಣಯದ ನಕ್ಷೆಯಾಗುತ್ತದೆ.

ಆದ್ದರಿಂದ ಟಿಪ್ಪಣಿಯನ್ನು ನಕ್ಷೆಗೆ ಇಳಿಸುವ ಮುನ್ನ ಅದನ್ನು ಒಮ್ಮೆ ಒಡೆಯಬೇಕು. ಟಿಪ್ಪಣಿಯಲ್ಲಿ ಪ್ರತಿ ರೋಗದ ಕೆಳಗೆ ಹತ್ತು ಹನ್ನೆರಡು ಲಕ್ಷಣಗಳಿರುತ್ತವೆ. ಅವುಗಳಲ್ಲಿ ಬೆವರು, ಸುಸ್ತು, ಉಸಿರಾಟದ ತೊಂದರೆ, ಆತಂಕ ಇವೆಲ್ಲ ಅರ್ಧಕ್ಕರ್ಧ ರೋಗಗಳ ಕೆಳಗೂ ಬರುತ್ತವೆ. ಎಲ್ಲದರ ಕೆಳಗೂ ಬರುವ ಲಕ್ಷಣದಿಂದ ರೋಗಿ ಅಸ್ವಸ್ಥ ಎಂಬುದು ತಿಳಿಯುತ್ತದೆ. ಯಾವ ರೋಗ ಎಂಬುದು ತಿಳಿಯುವುದಿಲ್ಲ. ನಾನು ವಿದ್ಯಾರ್ಥಿಗಳಿಗೆ ಹೇಳುವುದಿಷ್ಟು: ಪ್ರತಿ ರೋಗದ ಮುಂದೆ, ಅದನ್ನು ಅದರ ಹತ್ತಿರದ ಇನ್ನೊಂದು ರೋಗದಿಂದ ಬೇರೆ ಮಾಡುವ ಒಂದೋ ಎರಡೋ ಸಂಗತಿಗಳನ್ನು ಮಾತ್ರ ಉಳಿಸಿಕೊಳ್ಳಿ, ಉಳಿದದ್ದನ್ನು ಪೆನ್ಸಿಲ್ಲಿನಲ್ಲಿ ಹೊಡೆದುಹಾಕಿ. ಉದಾಹರಣೆಗೆ, ಹೃದಯದ ಹೊರಪೊರೆಯ ಉರಿಯೂತಕ್ಕೆ ‘ಮಲಗಿದರೆ ಹೆಚ್ಚು, ಮುಂದಕ್ಕೆ ಬಾಗಿ ಕೂತರೆ ಕಡಿಮೆ’ ಎಂಬುದು ಉಳಿಯುತ್ತದೆ. ಅನ್ನನಾಳ ಹರಿದದ್ದಕ್ಕೆ ‘ಮೊದಲು ಜೋರು ವಾಂತಿ, ಆಮೇಲೆ ನೋವು’ ಎಂಬ ಅನುಕ್ರಮ ಉಳಿಯುತ್ತದೆ. ಸರ್ಪಸುತ್ತಿಗೆ ಬೆನ್ನುಮೂಳೆಯಿಂದ ಮುಂದಕ್ಕೆ ಒಂದೇ ಪಕ್ಕದಲ್ಲಿ ಪಟ್ಟಿಯಂತೆ ಹರಡುವ ಉರಿ ಉಳಿಯುತ್ತದೆ. ಗುಳ್ಳೆಗಳು ಏಳುವುದಕ್ಕೆ ಕೆಲವು ದಿನ ಮುಂಚೆಯೇ ಆ ಉರಿ ಇರಬಹುದು ಎಂಬುದನ್ನೂ ಪಕ್ಕದಲ್ಲೇ ಬರೆದಿಡಬೇಕು.

ಹೀಗೆ ಉಳಿದ ಸಂಗತಿಗಳು ನಕ್ಷೆಯಲ್ಲಿ ರೋಗದ ಹೆಸರಿನ ಕೆಳಗೆ ಕೂರಬಾರದು. ಹೆಸರಿಗೆ ಹೋಗುವ ಗೆರೆಯ ಮೇಲೆ ಪ್ರಶ್ನೆಗಳಾಗಿ ಕೂರಬೇಕು. ನನಗೆ ಇಡೀ ಕೆಲಸದ ತಿರುಳು ಇದೇ. ಲಕ್ಷಣವು ಹೆಸರಿನ ಕೆಳಗಿದ್ದರೆ ವಿದ್ಯಾರ್ಥಿ ಮೊದಲು ರೋಗವನ್ನು ಊಹಿಸಿ, ಆಮೇಲೆ ಲಕ್ಷಣವನ್ನು ಹುಡುಕಲು ಹೊರಡುತ್ತಾನೆ, ಹುಡುಕಿದ್ದು ಸಿಕ್ಕೂ ಸಿಗುತ್ತದೆ. ಲಕ್ಷಣವು ಗೆರೆಯ ಮೇಲಿದ್ದರೆ ಪ್ರಶ್ನೆ ಕೇಳದೆ ಹೆಸರನ್ನು ತಲುಪುವ ದಾರಿಯೇ ಇರುವುದಿಲ್ಲ.

ನಡುವಿನ ವೃತ್ತದಿಂದ ಹೊರಡುವ ಮೊದಲ ಸುತ್ತು ಅಂಗಗಳದ್ದಾಗದೆ ಸಮಯದ್ದಾಗಿರಲಿ: ಈ ಹೊತ್ತು ತಪ್ಪಿದರೆ ಪ್ರಾಣ ಹೋಗುವಂಥವು ಒಂದು ಕಡೆ, ಉಳಿದವೆಲ್ಲ ಇನ್ನೊಂದು ಕಡೆ. ಮೊದಲ ಕಡೆಗೆ ಸೇರುವವು ಹೃದಯಾಘಾತ ಮತ್ತು ಅದರ ಅಂಚಿನ ಅಸ್ಥಿರ ಆಂಜೈನಾ, ಮಹಾಪಧಮನಿಯ ಪದರ ಸೀಳುವ ಡಿಸೆಕ್ಷನ್, ಶ್ವಾಸಕೋಶದ ರಕ್ತನಾಳಕ್ಕೆ ಹೆಪ್ಪು ಸಿಕ್ಕಿಕೊಳ್ಳುವ ಪಲ್ಮನರಿ ಎಂಬಾಲಿಸಂ, ಎದೆಗೂಡಿನೊಳಗೆ ಗಾಳಿ ಸಿಕ್ಕಿಕೊಂಡು ಶ್ವಾಸಕೋಶವನ್ನು ಅದುಮುವ ಟೆನ್ಷನ್ ನ್ಯೂಮೊಥೊರಾಕ್ಸ್, ಹೃದಯದ ಸುತ್ತ ದ್ರವ ತುಂಬಿ ಅದನ್ನು ಅದುಮುವ ಟ್ಯಾಂಪೊನೇಡ್, ಮತ್ತು ಅನ್ನನಾಳ ಹರಿಯುವುದು. ಈ ಆರನ್ನೂ ಕೆಂಪು ಗೆರೆಯಲ್ಲಿ ಬರೆಯಲು ಹೇಳುತ್ತೇನೆ. ಟೆನ್ಷನ್ ನ್ಯೂಮೊಥೊರಾಕ್ಸಿನ ಗೆರೆಯ ಮೇಲೆ ಎಕ್ಸ್‌ರೇ ಎಂಬ ಪದ ಇರಕೂಡದು; ಒಂದು ಪಕ್ಕ ಉಸಿರಿನ ಶಬ್ದ ಇಲ್ಲದೆ ರಕ್ತದೊತ್ತಡ ಕುಸಿಯುತ್ತಿದ್ದರೆ ಫಿಲ್ಮು ಬರುವವರೆಗೆ ಕಾಯದೆ ಸೂಜಿ ಹಾಕಿ ಗಾಳಿ ಹೊರಬಿಡಬೇಕು.

ಹೃದಯಾಘಾತದ ಗೆರೆಗೆ ಹೆಚ್ಚು ಜಾಗ ಬೇಕು. ರೋಗಿ ಬಂದ 10 ನಿಮಿಷದೊಳಗೆ ಇಸಿಜಿ ತೆಗೆದು ನೋಡಿರಬೇಕು ಎಂಬುದನ್ನು ಎಲ್ಲರೂ ಬರೆಯುತ್ತಾರೆ. ಆದರೆ ಅದರ ಪಕ್ಕದಲ್ಲಿ ‘ಮೊದಲ ಇಸಿಜಿ ಸರಿಯಿದ್ದರೆ?’ ಎಂಬ ಇನ್ನೊಂದು ಗೆರೆ ಇರುವುದಿಲ್ಲ. ನೋವು ಮುಂದುವರಿದಿದ್ದರೆ ಮೊದಲ ಗಂಟೆಯಲ್ಲಿ 15ರಿಂದ 30 ನಿಮಿಷಕ್ಕೊಮ್ಮೆ ಮತ್ತೆ ಇಸಿಜಿ ತೆಗೆಯಬೇಕು ಎಂದು ಆ ಗೆರೆ ಹೇಳಬೇಕು. ನೋವು ಶುರುವಾಗಿ ಸ್ವಲ್ಪ ಹೊತ್ತಷ್ಟೇ ಆಗಿದ್ದರೆ ಹೃದಯದ ಸ್ನಾಯುವಿಗೆ ಪೆಟ್ಟಾದಾಗ ರಕ್ತದಲ್ಲಿ ಏರುವ ಟ್ರೊಪೊನಿನ್ ಕೂಡ ಸಹಜವಾಗಿರಬಹುದು. ಆದ್ದರಿಂದ ಟ್ರೊಪೊನಿನ್ ಎಂದು ಬರೆದ ಕಡೆ ‘ಯಾವ ಗಂಟೆಯದು, ಎರಡನೆಯದು ಯಾವಾಗ’ ಎಂಬುದೂ ಇರಬೇಕು. ಇನ್ನು ಈ ಗೆರೆಯ ಮೇಲೆ ಯಾವ ಪ್ರಶ್ನೆಗೆ ಎಷ್ಟು ತೂಕ ಕೊಡಬೇಕು ಎಂಬ ವಿಚಾರ. ನೋವು ಎರಡೂ ತೋಳುಗಳಿಗೋ ಬಲ ತೋಳಿಗೋ ಇಳಿಯುವುದು, ಎಡ ತೋಳಿಗೆ ಮಾತ್ರ ಇಳಿಯುವುದಕ್ಕಿಂತ ಗಟ್ಟಿಯಾದ ಸುಳಿವು. ಟಿಪ್ಪಣಿಯಲ್ಲಿ ಸಾಮಾನ್ಯವಾಗಿ ಎಡ ತೋಳಷ್ಟೇ ಇರುತ್ತದೆ. ಉಸಿರೆಳೆದಾಗ ಚುಚ್ಚುವ ನೋವು, ಬೆರಳಿನಿಂದ ಒತ್ತಿದರೆ ಅದೇ ನೋವು ಮರುಕಳಿಸುವುದು, ಇವು ಹೃದಯಾಘಾತದ ಸಾಧ್ಯತೆಯನ್ನು ತಗ್ಗಿಸುತ್ತವೆ, ಆದರೆ ಅಳಿಸಿಹಾಕುವುದಿಲ್ಲ.

ನಕ್ಷೆಯಲ್ಲಿ ಎಲ್ಲಿಯೂ ಇರಬಾರದ ಎರಡು ಪ್ರಶ್ನೆಗಳಿವೆ: ‘ನಾಲಗೆಯ ಕೆಳಗೆ ನೈಟ್ರೇಟ್ ಇಟ್ಟಾಗ ನೋವು ಹೋಯಿತೇ?’ ಮತ್ತು ‘ಆಂಟಾಸಿಡ್ ಕುಡಿದಾಗ ಹೋಯಿತೇ?’. ಅನ್ನನಾಳದ ಸೆಳೆತವೂ ನೈಟ್ರೇಟಿಗೆ ಸಡಿಲಗೊಳ್ಳುತ್ತದೆ. ಹೃದಯದ ನೋವು ತನ್ನಷ್ಟಕ್ಕೆ ತಗ್ಗುತ್ತಿರುವ ಹೊತ್ತಿನಲ್ಲೇ ರೋಗಿ ಆಂಟಾಸಿಡ್ ಕುಡಿದಿರಬಹುದು. ಎರಡೂ ಉತ್ತರಗಳು ಹೃದಯವನ್ನೂ ಹೊಟ್ಟೆಯನ್ನೂ ಬೇರ್ಪಡಿಸುವುದಿಲ್ಲ. ನಮ್ಮ ಕಡೆ ‘ಗ್ಯಾಸ್ಟ್ರಿಕ್’ ಎಂಬ ಮಾತು ಎಷ್ಟು ಸಲೀಸಾಗಿ ಓಡಾಡುತ್ತದೆಂದರೆ, ಇಂಜೆಕ್ಷನ್ನಿಗೆ ಸ್ವಲ್ಪ ಹಾಯೆನಿಸಿದ ಕೂಡಲೇ ರೋಗಿಯೂ ಮನೆಯವರೂ ಕೆಲವೊಮ್ಮೆ ವೈದ್ಯರೂ ಆ ಹೆಸರಿಗೆ ಒಪ್ಪಿಬಿಡುತ್ತಾರೆ. ಆದ್ದರಿಂದ ಗ್ಯಾಸ್ಟ್ರಿಕ್ ಎಂಬುದನ್ನು ರೋಗದ ಜಾಗದಲ್ಲಿ ಬರೆಯದೆ, ರೋಗಿಯ ಮಾತಾಗಿ ನಡುವಿನ ವೃತ್ತದೊಳಗೇ ಬರೆಯಿಸುತ್ತೇನೆ. ಅದೇ ವೃತ್ತದ ಸುತ್ತ ಚುಕ್ಕೆಗಳ ಇನ್ನೊಂದು ವೃತ್ತ ಎಳೆಯಿಸಿ, ‘ನೋವಿಲ್ಲ, ಬರೀ ಏದುಸಿರು, ಬೆವರು, ವಾಂತಿ’ ಎಂದು ಬರೆಯಿಸುತ್ತೇನೆ. ಸಕ್ಕರೆ ಕಾಯಿಲೆಯವರು, ವಯಸ್ಸಾದವರು, ಹೆಂಗಸರು ಹೃದಯಾಘಾತದಲ್ಲಿ ಕೆಲವೊಮ್ಮೆ ಹೀಗೆಯೇ ಬರುತ್ತಾರೆ.

ಈಗ ಅಡ್ಡಗೆರೆಗಳು. ಒಂದು ಕೊಂಬೆಯ ರೋಗ ಇನ್ನೊಂದು ಕೊಂಬೆಯ ರೋಗದ ವೇಷದಲ್ಲಿ ಬರುವ ಕಡೆಗಳಲ್ಲಿ ಚುಕ್ಕೆಗೆರೆ ಎಳೆದು, ಅದರ ಮೇಲೂ ಒಂದು ಪ್ರಶ್ನೆ ಬರೆಯಬೇಕು. ಟಿಪ್ಪಣಿಯ ಸಾಲುಗಳಲ್ಲಿ ಇದಕ್ಕೆ ಜಾಗವೇ ಇರುವುದಿಲ್ಲ. ಮೈಂಡ್ ಮ್ಯಾಪ್ ಬರೆಯುವುದರ ನಿಜವಾದ ಲಾಭ ಇರುವುದು ಇಲ್ಲಿ. ಇಂಥದ್ದೊಂದು ಗೆರೆಗಾಗಿಯೇ ನಾನು ತರಗತಿಯಲ್ಲಿ ಕೊಡುವ, ಪಾಠಕ್ಕೆಂದೇ ಹೆಣೆದ ಪ್ರಕರಣವೊಂದಿದೆ.

54 ವರ್ಷದ ಹಮಾಲಿ ಕೆಲಸದವರು. ಬಿಪಿ ಮಾತ್ರೆಗಳನ್ನು ಆರು ತಿಂಗಳ ಹಿಂದೆ ನಿಲ್ಲಿಸಿದ್ದಾರೆ. ಮೂಟೆ ಎತ್ತುವಾಗ ಎದೆಯಲ್ಲಿ ಫಕ್ಕನೆ ನೋವು ಕಾಣಿಸಿ, ಬೆನ್ನಿನ ಎರಡು ರೆಕ್ಕೆಮೂಳೆಗಳ ನಡುವೆ ಹಾದುಹೋಗಿದೆ. ಬೆವರಿದ್ದಾರೆ, ಒಮ್ಮೆ ವಾಂತಿಯಾಗಿದೆ. ತಾಲ್ಲೂಕು ಆಸ್ಪತ್ರೆಗೆ ಬಂದು 45 ನಿಮಿಷವೂ ದಾಟಿಲ್ಲ. ಇಸಿಜಿಯಲ್ಲಿ II, III, aVF ಲೀಡುಗಳಲ್ಲಿ ಎಸ್‌ಟಿ ಮೇಲೆದ್ದಿದೆ. ಪರಿವಿಡಿಯಂಥ ನಕ್ಷೆ ಹಿಡಿದ ವಿದ್ಯಾರ್ಥಿಯ ಬೆರಳು ಹೃದಯದ ಕೊಂಬೆ ಹತ್ತಿ, ಕೆಳಗೋಡೆಯ ಹೃದಯಾಘಾತದ ಮೇಲೆ ನಿಂತು, ಅಲ್ಲಿಂದ ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಹೋಗುತ್ತದೆ. ರಾಜ್ಯದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೂ ಟೆನೆಕ್ಟೆಪ್ಲೇಸ್ ದೊರೆಯುವಂತಾಗಿರುವುದರಿಂದ ಆ ಚುಚ್ಚುಮದ್ದು ಕೈಗೆಟಕುವಲ್ಲೇ ಇದೆ. ನಿಜವಾದ ಹೃದಯಾಘಾತಕ್ಕೆ ಅದು ಪ್ರಾಣ ಉಳಿಸುವ ಔಷಧ.

ನಕ್ಷೆಯಲ್ಲಿ ಕೆಳಗೋಡೆಯ ಹೃದಯಾಘಾತದಿಂದ ಮಹಾಪಧಮನಿಯ ಡಿಸೆಕ್ಷನ್‌ಗೆ ಚುಕ್ಕೆಗೆರೆ ಇದ್ದಿದ್ದರೆ ಬೆರಳು ಒಂದು ಕ್ಷಣ ಅಲ್ಲಿ ನಿಲ್ಲುತ್ತಿತ್ತು. ಮಹಾಪಧಮನಿಯ ಬುಡದಲ್ಲಿ ಒಳಪದರ ಸೀಳಿ, ಆ ಸೀಳು ಬಲ ಕರೊನರಿ ರಕ್ತನಾಳದ ಬಾಯಿಯನ್ನು ಮುಚ್ಚಿದರೆ ಇಸಿಜಿಯಲ್ಲಿ ಕಾಣುವುದು ಕೆಳಗೋಡೆಯ ಹೃದಯಾಘಾತವೇ. ಇಸಿಜಿ ಸುಳ್ಳು ಹೇಳುತ್ತಿಲ್ಲ, ಕಾರಣ ಮಾತ್ರ ಬೇರೆ. ಅಂಥ ರೋಗಿಗೆ ಹೆಪ್ಪು ಕರಗಿಸುವ ಔಷಧ ಕೊಟ್ಟರೆ ಹೃದಯದ ಸುತ್ತ ರಕ್ತ ಸುರಿದು ಸಾವು ಸಂಭವಿಸಬಹುದು. ಚುಕ್ಕೆಗೆರೆಯ ಮೇಲೆ ನಾನು ಬರೆಯಿಸುವುದು ಮೂರೇ ಪ್ರಶ್ನೆ: ನೋವು ಶುರುವಾದ ಕ್ಷಣದಲ್ಲೇ ಅತಿ ಹೆಚ್ಚಾಗಿತ್ತೇ? ಎರಡೂ ತೋಳುಗಳ ರಕ್ತದೊತ್ತಡದಲ್ಲಿ 20ಕ್ಕಿಂತ ಹೆಚ್ಚು ವ್ಯತ್ಯಾಸವಿದೆಯೇ, ಅಥವಾ ಒಂದು ಕಡೆಯ ನಾಡಿ ಕ್ಷೀಣವಾಗಿದೆಯೇ? ಮಹಾಪಧಮನಿಯ ಕವಾಟ ಸೋರುವ ಹೊಸ ಮರ್ಮರವೋ, ಕೈಕಾಲಿನ ಹೊಸ ಬಲಹೀನತೆಯೋ ಇದೆಯೇ?

ಈ ಹಮಾಲಿಯವರನ್ನು ಕೇಳಿದರೆ, ನೋವು ನಿಧಾನವಾಗಿ ಏರಲಿಲ್ಲ, ‘ಬಟ್ಟೆ ಹರಿದ ಹಾಗೆ ಒಂದೇ ಏಟಿಗೆ’ ಬಂತು ಎನ್ನುತ್ತಾರೆ. ಎಡ ತೋಳಿನಲ್ಲಿ ರಕ್ತದೊತ್ತಡ 168/94, ಬಲ ತೋಳಿನಲ್ಲಿ 122/70. ಸ್ಟೆತಸ್ಕೋಪಿನಲ್ಲಿ ಎದೆಮೂಳೆಯ ಅಂಚಿಗೆ ಡಯಾಸ್ಟೊಲಿಕ್ ಮರ್ಮರ ಕೇಳುತ್ತದೆ. ಇಷ್ಟಾದ ಮೇಲೆ ಟೆನೆಕ್ಟೆಪ್ಲೇಸ್, ಹೆಪಾರಿನ್ ಎರಡನ್ನೂ ತಡೆದು, ನೋವು ಮತ್ತು ರಕ್ತದೊತ್ತಡವನ್ನು ಹತೋಟಿಗೆ ತರುತ್ತಾ, ಸಿಟಿ ಅಯೋರ್ಟೊಗ್ರಾಂ ಮತ್ತು ಹೃದಯ ಶಸ್ತ್ರಚಿಕಿತ್ಸೆ ಎರಡೂ ಇರುವ ಕಡೆಗೆ ಫೋನ್ ಮಾಡಿ ಕಳಿಸಬೇಕು. ಎಕ್ಸ್‌ರೇಯಲ್ಲಿ ಎದೆಯ ನಡುಭಾಗ ಅಗಲವಾಗಿ ಕಂಡರೆ ಅನುಮಾನ ಬಲಗೊಳ್ಳುತ್ತದೆ, ಆದರೆ ಸಹಜವಾಗಿದ್ದರೆ ಡಿಸೆಕ್ಷನ್ ಇಲ್ಲವೆಂದು ಅರ್ಥವಲ್ಲ.

ಇದನ್ನು ಕೇಳಿದ ವಿದ್ಯಾರ್ಥಿ ಇನ್ನೊಂದು ತುದಿಗೆ ಹೋಗುವುದೂ ಉಂಟು. ಕೆಳಗೋಡೆಯ ಪ್ರತಿ ಹೃದಯಾಘಾತಕ್ಕೂ ಮೊದಲು ಸಿಟಿ ಎಂದು ಬರೆದುಬಿಡುತ್ತಾನೆ. ಅದು ತಪ್ಪು. ಹೃದಯಾಘಾತದೊಂದಿಗೆ ಹೋಲಿಸಿದರೆ ಡಿಸೆಕ್ಷನ್ ಬಹಳ ವಿರಳ. ಎಲ್ಲರನ್ನೂ ಸಿಟಿಗೆ ಕಳಿಸಿದರೆ ಹೃದಯದ ಸ್ನಾಯು ಸಾಯುತ್ತಿರುವವರಿಗೆ ಚುಚ್ಚುಮದ್ದು ತಡವಾಗುತ್ತದೆ. ಮೂರು ಪ್ರಶ್ನೆ, ಎರಡು ತೋಳು, ಒಂದು ಸ್ಟೆತಸ್ಕೋಪು: ಇದಕ್ಕೆ ಬೇಕಾಗುವುದು ಎರಡು ಮೂರು ನಿಮಿಷ. ಮೂರಕ್ಕೂ ಉತ್ತರ ‘ಇಲ್ಲ’ ಎಂದಾದರೆ ಬೆರಳು ಹಿಂದಕ್ಕೆ ಬಂದು ಹೃದಯಾಘಾತದ ದಾರಿಯಲ್ಲೇ ಮುಂದುವರಿಯಬೇಕು. ಅಲ್ಲಿ ನೈಟ್ರೇಟ್ ಕೊಡುವ ಮುನ್ನ ಎದೆಯ ಬಲಬದಿಯ V4R ಲೀಡನ್ನು ನೋಡಬೇಕೆಂಬ ಗೆರೆ ಕಾದಿರಬೇಕು, ಏಕೆಂದರೆ ಬಲ ಹೃತ್ಕುಕ್ಷಿಗೂ ಪೆಟ್ಟು ಬಿದ್ದಿದ್ದರೆ ನೈಟ್ರೇಟಿನಿಂದ ರಕ್ತದೊತ್ತಡ ಕುಸಿಯಬಹುದು. ಆದ್ದರಿಂದ ಚುಕ್ಕೆಗೆರೆಯ ಎರಡೂ ತುದಿಗೆ ಬಾಣದ ಗುರುತು ಹಾಕಿಸುತ್ತೇನೆ.

ನಕ್ಷೆ ಕೆಲಸಕ್ಕೆ ಬರುತ್ತದೆಯೇ ಎಂದು ನೋಡುವ ನನ್ನ ವಿಧಾನ ಸರಳವಾದದ್ದು. ವಿದ್ಯಾರ್ಥಿಯ ಗೆಳೆಯನೊಬ್ಬ ರೋಗಿಯ ಮಾತಿನಲ್ಲೇ ಒಂದು ಪ್ರಕರಣ ಹೇಳಬೇಕು, ವಿದ್ಯಾರ್ಥಿ ಮಾತಾಡದೆ ಬೆರಳನ್ನು ಗೆರೆಯ ಮೇಲೆ ಸರಿಸುತ್ತ ಹೋಗಬೇಕು. ಯಾವುದೇ ಪ್ರಶ್ನೆಯನ್ನು ದಾಟದೆ ಬೆರಳು ಹೆಸರಿನ ಮೇಲೆ ಹಾರಿದ ಕಡೆ ಗೆರೆ ಖಾಲಿಯಿದೆ ಎಂದು ಅರ್ಥ. ಅಲ್ಲಿ ಟಿಪ್ಪಣಿ ತೆರೆದು ಆ ಒಂದು ಗೆರೆಯನ್ನಷ್ಟೇ ತುಂಬಬೇಕು. ಮೂರು ನಾಲ್ಕು ಪ್ರಕರಣ ಓಡಿಸಿದ ಮೇಲೆ ಹಾಳೆ ಗೀಚುಗಳಿಂದ ತುಂಬಿ ಓದಲಾಗದಂತೆ ಆಗುತ್ತದೆ. ಆಗ ಟಿಪ್ಪಣಿಯನ್ನು ಮುಚ್ಚಿಟ್ಟು, ಹೊಸ ಹಾಳೆಯಲ್ಲಿ ನೆನಪಿನಿಂದ ಮತ್ತೊಮ್ಮೆ ಬರೆಯಲು ಹೇಳುತ್ತೇನೆ, ಕೆಂಪು ಗೆರೆಗಳಿಂದ ಶುರುಮಾಡಿ.