ಹಾಲಿನ ಲೆಕ್ಕದಲ್ಲಿ ಬಿಟ್ಟುಹೋಗುವ ಐದು ರೂಪಾಯಿ

ಗದಗ ಕಡೆಯ ಒಂದು ಹಳ್ಳಿ ಅಂದುಕೊಳ್ಳಿ. ದಿನಕ್ಕೆ 400 ಲೀಟರ್ ಹಾಲು ತಗೊಂಡು, ಪಾಶ್ಚರೀಕರಿಸಿ, ಪ್ಯಾಕೆಟ್ ಮಾಡಿ ಮಾರುವ ಯೋಚನೆ. ಬ್ಯಾಂಕಿಗೆ ಕೊಡುವ ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಯಂತ್ರಗಳ ಬೆಲೆಯೆಲ್ಲ ಸರಿಯಾಗಿಯೇ ಇರುತ್ತದೆ. ಹಾಲಿನ ಖರೀದಿ ದರವನ್ನು ಮಾತ್ರ ಊರಿನ ಹಾಲಿನ ಸಹಕಾರ ಸಂಘದ ದರದ ಬೋರ್ಡ್ ನೋಡಿ ಬರೆದಿರುತ್ತಾರೆ. ಎಡವುವುದು ಅಲ್ಲೇ.

ಸಹಕಾರ ಸಂಘಕ್ಕೆ ಹಾಲು ಹಾಕುವ ರೈತರಿಗೆ ರಾಜ್ಯ ಸರ್ಕಾರ 2008ರಲ್ಲಿ ಲೀಟರಿಗೆ 2 ರೂ. ಪ್ರೋತ್ಸಾಹಧನ ಶುರು ಮಾಡಿತು. 2013ರಲ್ಲಿ ಅದು 4 ರೂ. ಆಯಿತು, 2016ರಲ್ಲಿ 5 ರೂ. ಈ ದುಡ್ಡು ನೇರ ರೈತರ ಖಾತೆಗೆ ಹೋಗುತ್ತದೆ, ಆದ್ದರಿಂದ ಬೋರ್ಡಿನ ದರದಲ್ಲಿ ಕಾಣುವುದಿಲ್ಲ. ಖಾಸಗಿಯವರಿಗೆ ಹಾಲು ಹಾಕಿದರೆ ಸಿಗುವುದೂ ಇಲ್ಲ. ಅಂದರೆ ಆ ಐದು ರೂಪಾಯಿಯನ್ನು ಘಟಕದವರು ತಮ್ಮ ಜೇಬಿನಿಂದ ಸೇರಿಸಬೇಕು, ಅಲ್ವಾ?

ಉದಾಹರಣೆಗೆ ಸಂಘದ ದರ 33 ರೂ., ಪ್ಯಾಕೆಟ್ ಮಾರುವ ದರ 46 ರೂ. ಎಂದಿಟ್ಟುಕೊಳ್ಳೋಣ. ಲೀಟರಿಗೆ 13 ರೂ. ಅಂತರ, 400 ಲೀಟರಿಗೆ 5,200 ರೂ. ಕೂಲಿ, ಕರೆಂಟು, ಡೀಸೆಲ್, ಪ್ಯಾಕಿಂಗ್, ಗಾಡಿ, ಸಾಲದ ಕಂತು ಎಲ್ಲ ಸೇರಿ ದಿನಕ್ಕೆ 3,200 ರೂ. ಹೋದರೂ 2,000 ಉಳಿಯುತ್ತದೆ. ಕಾಗದದ ಮೇಲೆ ಚೆಂದ. ಆದರೆ ರೈತರು ಹಾಲು ತರಬೇಕಾದರೆ 38 ಕೊಡಬೇಕು. ಆಗ ಅಂತರ 8 ರೂಪಾಯಿಗೆ ಇಳಿದು, ಬಂದ 3,200 ಖರ್ಚಿಗೇ ಸರಿಹೋಗುತ್ತದೆ. ಬೇಸಿಗೆಯಲ್ಲಿ ಹಸಿರು ಮೇವು ಕಡಿಮೆಯಾಗಿ ಹಾಲು 250 ಲೀಟರಿಗೆ ಇಳಿದರೆ ಬರುವುದು 2,000 ಮಾತ್ರ. ಕೂಲಿ, ಕಂತು ಇಳಿಯುವುದಿಲ್ಲ. ದಿನಕ್ಕೆ ಸುಮಾರು ಸಾವಿರ ಕೈಯಿಂದ ಹೋಗುತ್ತದೆ.

ಪ್ರೋತ್ಸಾಹಧನ ಕೆಲವು ಸಲ ತಿಂಗಳುಗಟ್ಟಲೆ ತಡವಾಗಿ ಬರುತ್ತದೆ. ಸಣ್ಣ ಘಟಕಕ್ಕೆ ದಾರಿ ಇರುವುದು ಅಲ್ಲಿ: ವಾರವಾರ ತಪ್ಪದೆ ಕೈಗೆ ದುಡ್ಡು ಕೊಟ್ಟರೆ ಒಂದೆರಡು ರೂಪಾಯಿ ಕಡಿಮೆಯಾದರೂ ಹಾಲು ಹಾಕುವವರು ಇರುತ್ತಾರೆ. ಆದರೆ ಅದಕ್ಕೆ ಕನಿಷ್ಠ ಎರಡು ವಾರದ ಹಾಲಿನ ದುಡ್ಡು, ಅಂದರೆ ಎರಡು ಲಕ್ಷ, ಕೈಯಲ್ಲಿರಬೇಕು. ರಿಪೋರ್ಟುಗಳಲ್ಲಿ ನಾನು ನೋಡಿದಂತೆ ಇದಕ್ಕೆ ಬರೆದ ಮೊತ್ತ ಸಣ್ಣದಾಗಿಯೇ ಇರುತ್ತದೆ.

ತಾಂತ್ರಿಕ ಭಾಗ ಇದಕ್ಕಿಂತ ಸಲೀಸು. 63 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿ ತಕ್ಷಣ 4 ಡಿಗ್ರಿಗೆ ತಣಿಸುವುದು ಹಳೆಯ ವಿಧಾನ. ತೊಂದರೆ ಬರುವುದು ಅದಕ್ಕೂ ಮೊದಲು, ರಾತ್ರಿ ಕರೆಂಟು ಹೋದಾಗ. ತಣಿಯದೆ ಉಳಿದ ಹಾಲನ್ನು ಪ್ರನಾಳದಲ್ಲಿ 5 ಮಿ.ಲೀ. ಹಾಕಿ ಕುದಿಸಿ ನೋಡಬೇಕು. ಗಾಜಿನ ಒಳಗೋಡೆಗೆ ಸಣ್ಣ ಕಣಗಳು ಅಂಟಿದರೆ ಆ ಹಾಲು ಕಾಯಿಸಲು ಬರುವುದಿಲ್ಲ. ಜನರೇಟರ್ ಖರ್ಚು ಬೇಡ ಅಂದವರು ಒಂದೇ ರಾತ್ರಿಯಲ್ಲಿ 200 ಲೀಟರ್ ಚೆಲ್ಲಬೇಕಾಗಬಹುದು.

ಪ್ಯಾಕೆಟ್ ಹಾಲಿನಲ್ಲಿ ಲಾಭ ಇಲ್ಲವೆಂದು ಹಲವರು ಧಾರವಾಡ ಪೇಡೆಗೆ ಖವಾ ಮಾಡುವ ಯೋಚನೆ ಮಾಡುತ್ತಾರೆ. ಎಮ್ಮೆ ಹಾಲಾದರೆ ಸುಮಾರು 5 ಲೀಟರಿಗೆ ಒಂದು ಕಿಲೋ. ಖವಾ ಹೊರಗಿಟ್ಟರೆ ಕೆಲವೇ ದಿನ ತಡೆಯುತ್ತದೆ, ಹಾಗಾಗಿ ಯಂತ್ರಕ್ಕೆ ಮುಂಗಡ ಕೊಡುವ ಮೊದಲು ಅಂಗಡಿಯವರನ್ನು ಕೇಳಬೇಕು. ಅದೂ ದೀಪಾವಳಿಗೆ ಎಷ್ಟು ಬೇಕೆಂದಲ್ಲ, ಆಷಾಢದಲ್ಲಿ ಎಷ್ಟು ತಗೊಳ್ತೀರಿ ಅಂತ.