ಕೆಲಸ ಕಡಿತದ ಪತ್ರಿಕಾ ಹೇಳಿಕೆಯಲ್ಲಿ ನಿಜವಾದ ಕಾರಣ ಬರೆದರೆ ಕೇಸು ಬೀಳುತ್ತದೆಯೇ?

ಮಂಗಳೂರು, ಉಡುಪಿಯ ಸಣ್ಣ ಸಂಸ್ಥೆಗಳವರು ನನ್ನಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಬೀಳುವುದಿಲ್ಲ. ಕಾರಣವನ್ನು ಮಸುಕಾಗಿಟ್ಟಷ್ಟೂ ಕ್ಷೇಮ ಎಂಬ ನಂಬಿಕೆಯನ್ನು ಎಷ್ಟು ಸಲ ತಿದ್ದಿದರೂ ಅದು ಹೋಗುತ್ತಿಲ್ಲವಾದ್ದರಿಂದ ಈ ಬಾರಿ ವಿವರವಾಗಿಯೇ ಬರೆಯುತ್ತೇನೆ.

84 ಜನ ದುಡಿಯುವ ಒಂದು ಗೇರುಬೀಜದ ಕಾರ್ಖಾನೆಯನ್ನು ಊಹಿಸಿಕೊಳ್ಳಿ. ಸಿಪ್ಪೆ ತೆಗೆಯುವ ಯಂತ್ರ ಬಂದು ಆ ವಿಭಾಗದ 26 ಹೆಂಗಸರ ಕೆಲಸ ಹೋಗುತ್ತದೆ. ಕರಡು ಹೇಳಿಕೆ ಹೀಗಿರುತ್ತದೆ: “ಪುನಾರಚನೆಯ ಅಂಗವಾಗಿ, ಕಾರ್ಯಕ್ಷಮತೆಯ ಆಧಾರದಲ್ಲಿ ಕೆಲವು ಸಿಬ್ಬಂದಿಯನ್ನು ಬಿಡುಗಡೆಗೊಳಿಸಲಾಗಿದೆ.” ಸುರಕ್ಷಿತವೆಂದು ಸೇರಿಸಿದ ‘ಕಾರ್ಯಕ್ಷಮತೆ’ ಎಂಬ ಆ ಪದವೇ ಇಲ್ಲಿ ಅತ್ಯಂತ ಅಪಾಯಕಾರಿ. ಒಂದು ವರ್ಷದ ನಿರಂತರ ಸೇವೆ ಪೂರೈಸಿದ ಕಾರ್ಮಿಕರನ್ನು ಬಿಡುವಾಗ ಕಾರಣ ನಮೂದಿಸಿದ ಒಂದು ತಿಂಗಳ ಲಿಖಿತ ನೋಟಿಸನ್ನಾಗಲಿ ಅದರ ಬದಲಿಗೆ ಸಂಬಳವನ್ನಾಗಲಿ ಕೊಡಬೇಕೆಂದು 1947ರ ಕೈಗಾರಿಕಾ ವಿವಾದಗಳ ಕಾಯ್ದೆಯೂ ಹೇಳಿತ್ತು, 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಹೇಳುತ್ತದೆ. ನೋಟಿಸಿನಲ್ಲಿ ಯಂತ್ರ, ಪತ್ರಿಕೆಯಲ್ಲಿ ಕಾರ್ಯಕ್ಷಮತೆ ಎಂದಾದರೆ ಎದುರು ವಕೀಲರು ಎರಡನ್ನೂ ಅಕ್ಕಪಕ್ಕ ಇಟ್ಟು, ಯಾವುದು ಸುಳ್ಳು ಎಂದು ಕೇಳುತ್ತಾರೆ. ಕೆಲಸ ಸರಿಯಿಲ್ಲವೆಂಬ ಆರೋಪವೇ ಕಾರಣವಾದರೆ, ವಿಚಾರಣೆ ನಡೆಸಿ ಅವರಿಗೆ ಉತ್ತರ ಹೇಳಲು ಅವಕಾಶ ಕೊಟ್ಟಿದ್ದಿರಾ ಎಂಬ ಪ್ರಶ್ನೆಯೂ ಏಳುತ್ತದೆ. ಹತ್ತಿಪ್ಪತ್ತು ವರ್ಷ ಬೀಜದ ಸಿಪ್ಪೆ ತೆಗೆದವರಿಗೆ ಊರಿನಲ್ಲಿ ಅಂಟುವ ಕಳಂಕವಂತೂ ಬೇರೆಯೇ.

ನಾನು ತಿದ್ದುವುದು ಹೀಗೆ: “ಸಿಪ್ಪೆ ತೆಗೆಯುವ ಕೆಲಸಕ್ಕೆ ಯಂತ್ರ ಅಳವಡಿಸಿರುವುದರಿಂದ ಆ ವಿಭಾಗದ 26 ಕಾರ್ಮಿಕರ ಹುದ್ದೆಗಳು ಕೊನೆಗೊಳ್ಳುತ್ತಿವೆ. ಇದಕ್ಕೆ ಅವರ ಕೆಲಸದ ಗುಣಮಟ್ಟ ಕಾರಣವಲ್ಲ. ಅವರಿಗಾಗುವ ತೊಂದರೆಗೆ ನಾವು ವಿಷಾದಿಸುತ್ತೇವೆ. ನೋಟಿಸ್ ಮತ್ತು ಪರಿಹಾರವನ್ನು ಕಾನೂನಿನಂತೆ ನೀಡಲಾಗುತ್ತಿದೆ.” ತೊಂದರೆಗೆ ವಿಷಾದಿಸುವುದು ತಪ್ಪೊಪ್ಪಿಗೆಯಾಗುವುದಿಲ್ಲ. ಆದರೆ “ಎಲ್ಲರಿಗೂ ಬೇರೆ ಕೆಲಸ ಕೊಡಿಸುತ್ತೇವೆ”, “ಇನ್ನು ಮುಂದೆ ಕಡಿತವಿಲ್ಲ” ಎಂಬ ಮಾತುಗಳನ್ನು, ಅವು ಕೇಳಲು ಎಷ್ಟೇ ಹಿತವಾಗಿದ್ದರೂ, ನಾನು ಹೊಡೆದುಹಾಕುತ್ತೇನೆ. ಈಡೇರಿಸಲಾಗದ ಭರವಸೆಯಿಂದ ಕಾರ್ಮಿಕರಿಗೂ ಸಂಸ್ಥೆಗೂ ಹಾನಿಯೇ. ಪರಿಹಾರದ ಲೆಕ್ಕವನ್ನು ಪ್ರತಿಯೊಬ್ಬರ ಪತ್ರದಲ್ಲಿ ಬಿಡಿಸಿ ತೋರಿಸಬೇಕು. ಸೇವೆಯ ಪ್ರತಿ ವರ್ಷಕ್ಕೆ 15 ದಿನಗಳ ಸರಾಸರಿ ವೇತನ, ಕೊನೆಗೆ ಉಳಿಯುವ ಅವಧಿ ಆರು ತಿಂಗಳು ಮೀರಿದ್ದರೆ ಅದೂ ಒಂದು ವರ್ಷ. ಹಾಗಾಗಿ 12 ವರ್ಷ 7 ತಿಂಗಳು ದುಡಿದವರಿಗೆ 195 ದಿನಗಳ ವೇತನ. ಗ್ರಾಚ್ಯುಟಿ ಇದರ ಹೊರಗಿನದು. ಆ ಪತ್ರ ಅವರ ಕೈಸೇರಿದ ಮೇಲೆಯೇ ಹೇಳಿಕೆ ಪತ್ರಿಕಾ ಕಚೇರಿಗೆ ಹೋಗಬೇಕು.

ಯಾರೂ ಕೇಳದ ಇನ್ನೊಂದು ವಿಷಯವನ್ನೂ ಹೇಳಿಬಿಡುತ್ತೇನೆ. ಶೀರ್ಷಿಕೆಯಲ್ಲಿ ‘ಲೇ-ಆಫ್’ ಎಂದು ಹಾಕಬೇಡಿ. ನಮ್ಮ ಕಾನೂನಿನಲ್ಲಿ ಆ ಪದಕ್ಕೆ ಕಚ್ಚಾಮಾಲು ಇಲ್ಲದೆಯೋ, ವಿದ್ಯುತ್ ಇಲ್ಲದೆಯೋ ತಾತ್ಕಾಲಿಕವಾಗಿ ಕೆಲಸ ಕೊಡಲಾಗದ ಸ್ಥಿತಿ ಎಂದರ್ಥ. ಅಲ್ಲಿ ನೌಕರಿಯ ಸಂಬಂಧ ಉಳಿದಿರುತ್ತದೆ. ಶಾಶ್ವತವಾಗಿ ಬಿಡುವುದಕ್ಕೆ ಕಾನೂನಿನ ಹೆಸರು ರಿಟ್ರೆಂಚ್‌ಮೆಂಟ್. ‘ಲೇ-ಆಫ್’ ಎಂದು ಓದಿದವರು ಮಳೆಗಾಲ ಕಳೆದ ಮೇಲೆ ಮತ್ತೆ ಕರೆಯುತ್ತಾರೆಂದು ಕಾದು ಕುಳಿತರೆ, ಆ ತಪ್ಪು ಹೇಳಿಕೆ ಬರೆದವರದು.